ಮಗುವಿನ ಕಣ್ಣು ಊದಿದೆ, ಮೂತ್ರದಲ್ಲಿ ಪ್ರೋಟೀನ್ ಇದೆ: ಪ್ರೋಟೀನ್–ಕ್ರಿಯಾಟಿನಿನ್ ಅನುಪಾತವನ್ನು ಓದುವುದು ಹೇಗೆ?

ಬೆಳಿಗ್ಗೆ ಎದ್ದಾಗ ಮಗುವಿನ ಎರಡೂ ಕಣ್ಣಿನ ಸುತ್ತ ಊದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಇಳಿದಂತೆ ಕಾಣುತ್ತದೆ. ಅಲರ್ಜಿ ಇರಬೇಕು ಅಂತ ಒಂದು ವಾರ ಸಿಟ್ರಿಜಿನ್ ಸಿರಪ್ ಕೊಡುತ್ತಾರೆ. ಅಷ್ಟರಲ್ಲಿ ಕಾಲ್ಚೀಲದ ಎಲಾಸ್ಟಿಕ್ ಗುರುತು ಆಳವಾಗಿ ಕಾಣಲು ಶುರುವಾಗುತ್ತದೆ, ಚಡ್ಡಿ ಬಿಗಿಯಾಗುತ್ತದೆ. ಕಿಡ್ನಿಯಿಂದ ಪ್ರೋಟೀನ್ ಸೋರಿ ಮೈ ಊದುವ ನೆಫ್ರೋಟಿಕ್ ಸಿಂಡ್ರೋಮ್ ಇರುವ ಬಹಳಷ್ಟು ಮಕ್ಕಳು ಹೀಗೆ ಒಂದೆರಡು ವಾರ ತಡವಾಗಿಯೇ ಪರೀಕ್ಷೆಗೆ ಬರುತ್ತಾರೆ.

ಅಲರ್ಜಿಯಾದರೆ ಸಾಮಾನ್ಯವಾಗಿ ತುರಿಕೆ ಇರುತ್ತದೆ, ಕಣ್ಣು ಕೆಂಪಾಗುತ್ತದೆ, ಸೀನು ಬರುತ್ತದೆ. ಕಿಡ್ನಿಯಿಂದ ಬರುವ ಊತದಲ್ಲಿ ನೋವೂ ಇಲ್ಲ, ತುರಿಕೆಯೂ ಇಲ್ಲ. ರಾತ್ರಿ ಮಲಗಿದಾಗ ನೀರು ಕಣ್ಣಿನ ಸುತ್ತಲಿನ ಸಡಿಲ ಚರ್ಮದಲ್ಲಿ ಸೇರುತ್ತದೆ. ಹಗಲು ಓಡಾಡಿದಾಗ ಅದೇ ನೀರು ಕಾಲಿಗೆ ಇಳಿಯುತ್ತದೆ. ಹಾಗಾಗಿ ಮಧ್ಯಾಹ್ನ ಕಣ್ಣಿನ ಊತ ಕಡಿಮೆಯಾಗಿದ್ದು ಸಿರಪ್ಪಿನಿಂದಲೇ ಎಂದು ನಂಬಬೇಡಿ. ಸಂಜೆ ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ನೋಡಿ. ಕುಳಿ ಉಳಿದರೆ ಅದು ನೀರು. ಕುಳಿ ಬೀಳದಿದ್ದರೂ ಮೂತ್ರ ಪರೀಕ್ಷೆ ಮಾಡಿಸುವುದೇ ಸರಿ. ಅದಕ್ಕೆ ಹೆಚ್ಚು ಖರ್ಚಿಲ್ಲ, ಮಗುವಿಗೆ ಸೂಜಿಯೂ ಚುಚ್ಚಬೇಕಿಲ್ಲ.

ಇಲ್ಲಿ ಒಂದು ಮಾತು ಮುಖ್ಯ. ಪರೀಕ್ಷೆಗೆ ಮೊದಲು ಅಲರ್ಜಿಗೆಂದು ಸ್ಟೀರಾಯ್ಡ್ ಹನಿಯನ್ನಾಗಲೀ ಇಂಜೆಕ್ಷನ್ನನ್ನಾಗಲೀ ಕೊಡಿಸಬೇಡಿ. ಊತ ಸ್ವಲ್ಪ ಇಳಿಯಬಹುದು, ಮೂತ್ರದ ಪ್ರೋಟೀನೂ ಸ್ವಲ್ಪ ಕಡಿಮೆಯಾಗಬಹುದು. ಆಮೇಲೆ ಬರುವ ರಿಪೋರ್ಟನ್ನು ಯಾರೂ ನೆಟ್ಟಗೆ ಓದಲಾಗದಂತೆ ಆಗುತ್ತದೆ.

1. ಅನುಪಾತವೇ ಯಾಕೆ ಬೇಕು?

ಮೊದಲು ಮಾಡುವುದು ಡಿಪ್‌ಸ್ಟಿಕ್ ಪರೀಕ್ಷೆ. ಮೂತ್ರದಲ್ಲಿ ಪಟ್ಟಿ ಅದ್ದಿ ತೆಗೆದು, ಬಣ್ಣವನ್ನು ಡಬ್ಬಿಯ ಮೇಲಿನ ಚಾರ್ಟಿಗೆ ಹೋಲಿಸುತ್ತಾರೆ. 1+ ಅಂದರೆ ಡೆಸಿಲೀಟರಿಗೆ ಸುಮಾರು 30 ಮಿ.ಗ್ರಾಂ ಪ್ರೋಟೀನ್, 2+ ಅಂದರೆ ಸುಮಾರು 100, 3+ ಅಂದರೆ ಸುಮಾರು 300. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ 4+.

ಪಟ್ಟಿಯ ತೊಂದರೆ ಏನೆಂದರೆ, ಅದು ಮೂತ್ರ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ನೋಡುವುದಿಲ್ಲ. ಒಂದೇ ಚಮಚ ಉಪ್ಪನ್ನು ಒಂದು ಲೋಟ ನೀರಿಗೂ ಒಂದು ಕೊಡ ನೀರಿಗೂ ಹಾಕಿದರೆ ರುಚಿ ಒಂದೇ ಇರುತ್ತದಾ? ಮಗು ಜಾಸ್ತಿ ನೀರು ಕುಡಿದಿದ್ದರೆ ಪ್ರೋಟೀನ್ ಕಡಿಮೆ ಸೋರಿದಂತೆ ಕಾಣುತ್ತದೆ. ನೀರೇ ಕುಡಿಯದೆ ಇದ್ದರೆ ಚೂರು ಪ್ರೋಟೀನೂ 2+ ಎಂದು ತೋರಬಹುದು.

ಇದಕ್ಕೆ ಪರಿಹಾರ ಕ್ರಿಯಾಟಿನಿನ್. ಅದು ಸ್ನಾಯುಗಳಿಂದ ಬರುವ ಕಸ. ದಿನವಿಡೀ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಮೂತ್ರಕ್ಕೆ ಹೋಗುತ್ತದೆ. ಮೂತ್ರ ತೆಳುವಾದರೆ ಪ್ರೋಟೀನ್ ಜೊತೆ ಕ್ರಿಯಾಟಿನಿನ್ ಕೂಡ ಅಷ್ಟೇ ತೆಳುವಾಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನೀರಿನ ಲೆಕ್ಕ ಹೊಡೆದುಹೋಗುತ್ತದೆ. 24 ಗಂಟೆಯ ಮೂತ್ರವನ್ನೆಲ್ಲ ಒಂದು ಹನಿ ಬಿಡದೆ ಕೂಡಿಡುವುದು ಚಿಕ್ಕ ಮಗುವಿನ ಜೊತೆ ಆಗದ ಮಾತು. ಹಾಗಾಗಿಯೇ ಈಗ ಎಲ್ಲರೂ ಒಂದೇ ಸಲದ ಮೂತ್ರದ ಅನುಪಾತವನ್ನು ನೋಡುತ್ತಾರೆ.

2. ಸ್ಯಾಂಪಲ್ ಹಿಡಿಯುವುದು

ಬೆಳಗಿನ ಮೊದಲ ಮೂತ್ರವೇ ಬೇಕು. ಕೆಲವು ಮಕ್ಕಳಿಗೆ, ಅದರಲ್ಲೂ ದೊಡ್ಡ ಮಕ್ಕಳಿಗೆ, ಹಗಲು ನಿಂತು ಓಡಾಡುವಾಗ ಮಾತ್ರ ಸ್ವಲ್ಪ ಪ್ರೋಟೀನ್ ಹೋಗುತ್ತದೆ. ಮಲಗಿದರೆ ನಿಲ್ಲುತ್ತದೆ. ಇದು ಕಾಯಿಲೆಯಲ್ಲ. ಬೆಳಗಿನ ಮೂತ್ರ ತೆಗೆದುಕೊಂಡರೆ ಈ ಗೊಂದಲ ಇರುವುದಿಲ್ಲ.

ರಾತ್ರಿ ಮಲಗುವ ಮುನ್ನ ಮಗುವಿಗೆ ಮೂತ್ರ ಮಾಡಿಸಿ. ಇಲ್ಲದಿದ್ದರೆ ಹಗಲಿನ ಮೂತ್ರವೂ ಬೆಳಗಿನದರ ಜೊತೆ ಸೇರಿಬಿಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಆಟಕ್ಕೆ ಬಿಡುವ ಮುಂಚೆ, ಬರೀ ನೀರಿನಿಂದ ತೊಳೆದು, ಮೊದಲ ಸ್ವಲ್ಪ ಬಿಟ್ಟು ನಡುವಿನ ಮೂತ್ರವನ್ನು ಲ್ಯಾಬಿನ ಡಬ್ಬಿಯಲ್ಲಿ ಹಿಡಿಯಿರಿ. ಡೆಟಾಲ್, ಸ್ಯಾವ್ಲಾನ್ ಹಾಕಿ ತೊಳೆಯಬೇಡಿ. ಕೆಲವು ಆಂಟಿಸೆಪ್ಟಿಕ್‌ಗಳು ಮೂತ್ರಕ್ಕೆ ಬೆರೆತರೆ ಪಟ್ಟಿ ಸುಳ್ಳೇ ಪ್ರೋಟೀನ್ ತೋರಿಸುತ್ತದೆ. ಜಾಮ್ ಬಾಟಲಿ, ಔಷಧಿ ಬಾಟಲಿ ಬೇಡ. ಒಂದೆರಡು ಗಂಟೆಯಲ್ಲಿ ಲ್ಯಾಬಿಗೆ ತಲುಪಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ.

ಜೋರು ಜ್ವರ ಇದ್ದಾಗ, ಹಿಂದಿನ ದಿನ ಆಟದಲ್ಲಿ ತುಂಬಾ ದಣಿದಿದ್ದಾಗ ಸ್ವಲ್ಪ ಪ್ರೋಟೀನ್ ಸುಮ್ನೆ ಬಂದು ಹೋಗುತ್ತದೆ. ಊತ ಇಲ್ಲದ ಮಗುವಾದರೆ ಜ್ವರ ಬಿಟ್ಟ ಮೇಲೆ ಮಾಡಿಸಿದರಾಯಿತು. ಊತ ಇರುವ ಮಗುವಿಗೆ ಮಾತ್ರ ಕಾಯುವುದು ಬೇಡ. ಬೆಳಗಿನ ಮೂತ್ರ ತಪ್ಪಿಹೋದರೆ ಯಾವ ಹೊತ್ತಿನದಾದರೂ ಸರಿ, ಅವತ್ತೇ ಕೊಡಿ. ನೆಫ್ರೋಟಿಕ್ ಮಟ್ಟದ ಸೋರಿಕೆ ಇದ್ದರೆ ಅದು ಮಧ್ಯಾಹ್ನದ ಮೂತ್ರದಲ್ಲೂ ಸಿಕ್ಕೇ ಸಿಗುತ್ತದೆ.

ಚೀಟಿಯಲ್ಲಿ Urine protein/creatinine ratio (spot) ಎಂದು ಬರೆದಿದೆಯೇ ನೋಡಿ. Microalbumin ಅಥವಾ ACR ಎಂಬುದು ಬೇರೆ ಪರೀಕ್ಷೆ. ಅದು ಸಕ್ಕರೆ ಕಾಯಿಲೆಯವರಲ್ಲಿ ಬಹಳ ಸಣ್ಣ ಸೋರಿಕೆ ಹಿಡಿಯಲು ಹೆಚ್ಚಾಗಿ ಬಳಸುವಂಥದ್ದು. ಅದರ ಅಂಕಿಯನ್ನು ಇಲ್ಲಿನ ಗಡಿಗಳಿಗೆ ಹೋಲಿಸಬಾರದು.

3. ಭಾಗಿಸುವ ಮೊದಲು ಯೂನಿಟ್ ನೋಡಿ

ಉದಾಹರಣೆಗೆ 4 ವರ್ಷದ ಒಬ್ಬ ಹುಡುಗನನ್ನು ತೆಗೆದುಕೊಳ್ಳೋಣ. ಮಾಮೂಲಿ ತೂಕ 15 ಕೆ.ಜಿ., ಈಗ 17. ಹತ್ತು ದಿನದಿಂದ ಕಣ್ಣು ಊದುತ್ತಿದೆ. ಬೆಳಗಿನ ಮೂತ್ರದಲ್ಲಿ ಪಟ್ಟಿ 3+ ತೋರಿಸಿದೆ. ಲ್ಯಾಬ್ ರಿಪೋರ್ಟ್ ಹೀಗಿದೆ:

```
Urine protein      640 mg/dL
Urine creatinine    80 mg/dL
640 ÷ 80 = 8.0 mg/mg
```

ಇದೇ ಹುಡುಗ ಮಧ್ಯಾಹ್ನ ಚೆನ್ನಾಗಿ ನೀರು ಕುಡಿದು ಇನ್ನೊಂದು ಸ್ಯಾಂಪಲ್ ಕೊಟ್ಟ ಅಂದುಕೊಳ್ಳಿ. ಪ್ರೋಟೀನ್ 160, ಕ್ರಿಯಾಟಿನಿನ್ 20. ಪಟ್ಟಿ 2+ ಗೆ ಇಳಿದಿರುತ್ತದೆ, ಮನೆಯವರಿಗೆ ಸಮಾಧಾನ. ಭಾಗಿಸಿದರೆ ಮಾತ್ರ ಮತ್ತೆ ಅದೇ 8.

ರಿಪೋರ್ಟ್ ಕೈಗೆ ಬಂದ ಕೂಡಲೇ ತಂದೆ-ತಾಯಿ ಗಾಬರಿಯಾಗುವುದು ಆ 80 ನೋಡಿ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕ್ರಿಯಾಟಿನಿನ್ 1 ದಾಟಬಾರದು ಎಂದಿರುತ್ತದೆ. ಅದು ರಕ್ತದ ಕ್ರಿಯಾಟಿನಿನ್. ಮೂತ್ರದಲ್ಲಿ ಹತ್ತಾರು, ಕೆಲವೊಮ್ಮೆ ನೂರರ ಮೇಲೂ ಇರುವುದು ಸಹಜ. ಇದರ ತದ್ವಿರುದ್ಧವಾದ ತಪ್ಪೂ ಆಗುತ್ತದೆ. ಮೂತ್ರದ ಪ್ರೋಟೀನನ್ನು ರಕ್ತದ ಕ್ರಿಯಾಟಿನಿನ್‌ನಿಂದ ಭಾಗಿಸಿ ಸಾವಿರಾರು ಬಂತು ಎನ್ನುವವರಿದ್ದಾರೆ. ಎರಡೂ ಅಂಕಿ ಒಂದೇ ಡಬ್ಬಿಯ ಮೂತ್ರದಿಂದ ಬಂದಿರಬೇಕು.

ಇನ್ನು ಯೂನಿಟ್. mg/mg ಮತ್ತು g/g ಎರಡೂ ಒಂದೇ. ಕೆಲವು ಲ್ಯಾಬ್‌ಗಳು mg/g ಎಂದು ಕೊಡುತ್ತವೆ, ಆಗ 8 ಎನ್ನುವುದು 8000 ಆಗುತ್ತದೆ. ವಿದೇಶದ ರಿಪೋರ್ಟುಗಳಲ್ಲಿ mg/mmol ಇರುತ್ತದೆ.

```
mg/g    ÷ 1000 = mg/mg     (8000 → 8)
mg/mmol ÷ 113  = mg/mg     (904  → 8)
```

ದುಬೈನಲ್ಲೋ ಲಂಡನ್ನಿನಲ್ಲೋ ಇರುವ ಮಗಳು ಮೊಮ್ಮಗನ ರಿಪೋರ್ಟ್ ಕಳಿಸಿ 904 ಎಂದಾಗ, ಊರಲ್ಲಿ ಕೂತ ಅಜ್ಜಿಗೆ ಎದೆ ಧಸಕ್ಕೆನ್ನುವುದು ಈ ಯೂನಿಟ್ಟಿನಿಂದ. ಇನ್ನೊಂದು ಎಡವಟ್ಟು ಲ್ಯಾಬಿನೊಳಗೇ ಆಗುತ್ತದೆ. ಪ್ರೋಟೀನ್ mg/L ನಲ್ಲಿ, ಕ್ರಿಯಾಟಿನಿನ್ mg/dL ನಲ್ಲಿ ಇದ್ದಾಗ ಹಾಗೇ ಭಾಗಿಸಿದರೆ ಉತ್ತರ 10 ಪಟ್ಟು ಹೆಚ್ಚಾಗುತ್ತದೆ. ನಮ್ಮ ಹುಡುಗನಿಗೆ 8 ರ ಬದಲು 80 ಬರುತ್ತದೆ. ಅನುಮಾನ ಬಂದರೆ ಪಟ್ಟಿಯ ಜೊತೆ ಹೋಲಿಸಿ. ಪಟ್ಟಿ 1+ ಎನ್ನುತ್ತಿದೆ, ಅನುಪಾತ 15 ಎನ್ನುತ್ತಿದೆ ಎಂದರೆ ಎಲ್ಲೋ ಲೆಕ್ಕ ತಪ್ಪಿದೆ. ಪ್ರೋಟೀನ್ "300 ಕ್ಕಿಂತ ಹೆಚ್ಚು" ಎಂದಷ್ಟೇ ಬರೆದಿದ್ದರೆ ಯಂತ್ರದ ಅಳತೆ ಮೀರಿದೆ ಎಂದರ್ಥ. ಸ್ಯಾಂಪಲ್ಲನ್ನು ತೆಳು ಮಾಡಿ ಮತ್ತೆ ಅಳೆಯಲು ಕೇಳಬೇಕು.

4. ಅಂಕಿ ಎಲ್ಲಿ ಬೀಳುತ್ತದೆ?

2 ವರ್ಷ ದಾಟಿದ ಮಕ್ಕಳಲ್ಲಿ 0.2 ಕ್ಕಿಂತ ಕಡಿಮೆ ಇದ್ದರೆ ಸರಿ. 6 ತಿಂಗಳಿಂದ 2 ವರ್ಷದವರೆಗೆ 0.5 ರವರೆಗೂ ಸರಿ. 2 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ನೆಫ್ರೋಟಿಕ್ ಮಟ್ಟ. mg/mmol ಲೆಕ್ಕದಲ್ಲಿ ಇದನ್ನು ಸುಲಭಕ್ಕೆ 200 ಎಂದು ಹಿಡಿಯುತ್ತಾರೆ.

ಈ 2 ಒಂದು ಬಾಗಿಲು ಮಾತ್ರ. ದಾಟಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ. 15 ಬಂದ ಮಗುವಿನ ಕಾಯಿಲೆ 8 ಬಂದ ಮಗುವಿನದಕ್ಕಿಂತ ಎರಡು ಪಟ್ಟು ಕೆಟ್ಟದ್ದು ಎಂದೇನಿಲ್ಲ. 15 ಬಂದ ಮಗು ಔಷಧಿಗೆ ಹತ್ತು ದಿನದಲ್ಲಿ ಒಗ್ಗಬಹುದು, 4 ಬಂದ ಮಗು ಒಗ್ಗದೇ ಇರಬಹುದು. ಮೊದಲ ದಿನದ ಅಂಕಿ ಅದನ್ನು ಹೇಳುವುದಿಲ್ಲ. ಸೋಮವಾರ 8, ಗುರುವಾರ 11 ಬಂದರೆ ಕಾಯಿಲೆ ಉಲ್ಬಣಿಸಿತು ಎಂದೂ ಅಲ್ಲ. ಸೋರಿಕೆ ದಿನದಿಂದ ದಿನಕ್ಕೆ ಏರಿಳಿಯುತ್ತಲೇ ಇರುತ್ತದೆ.

ತೀರಾ ಚಿಕ್ಕ ಮತ್ತು ಸೊರಗಿದ ಮಕ್ಕಳಲ್ಲಿ ಒಂದು ಎಚ್ಚರಿಕೆ ಬೇಕು. ಸ್ನಾಯು ಕಡಿಮೆ ಇದ್ದರೆ ಕ್ರಿಯಾಟಿನಿನ್ ಕೂಡ ಕಡಿಮೆ. ಕೆಳಗಿನ ಅಂಕಿ ಸಣ್ಣದಾದರೆ ಭಾಗಲಬ್ಧ ತಾನಾಗಿ ದೊಡ್ಡದಾಗುತ್ತದೆ. ಒಂದು ವರ್ಷದ ಕೂಸಿನ ತೆಳು ಮೂತ್ರದಲ್ಲಿ ಪ್ರೋಟೀನ್ 12, ಕ್ರಿಯಾಟಿನಿನ್ 15 ಬಂತು ಎನ್ನಿ. ಅನುಪಾತ 0.8. ಬರೀ ಅನುಪಾತ ನೋಡಿದರೆ ಜಾಸ್ತಿ. ಆದರೆ ಪ್ರೋಟೀನ್ 12 ಮಾತ್ರ ಇದೆ, ಪಟ್ಟಿಯೂ ಬಹುಶಃ ಏನೂ ತೋರಿಸುವುದಿಲ್ಲ. ಊತ ಇಲ್ಲದಿದ್ದರೆ ಇಂಥದ್ದನ್ನು ಬೆಳಗಿನ ಗಟ್ಟಿ ಮೂತ್ರದಲ್ಲಿ ಇನ್ನೊಮ್ಮೆ ನೋಡಬೇಕು. ಅದಕ್ಕೇ ಅನುಪಾತದ ಜೊತೆ ಎರಡೂ ಮೂಲ ಅಂಕಿಗಳಿರುವ ರಿಪೋರ್ಟನ್ನೇ ಕೇಳಿ ಪಡೆಯಿರಿ.

5. ಅನುಪಾತದ ಪಕ್ಕದಲ್ಲಿ ಇಟ್ಟು ಓದಬೇಕಾದ್ದು

ನೆಫ್ರೋಟಿಕ್ ಮಟ್ಟದ ಅಂಕಿ ಬಂದ ಮಾತ್ರಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಆಗುವುದಿಲ್ಲ. ಜೊತೆಗೆ ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇಳಿದಿರಬೇಕು, ಊತ ಇರಬೇಕು. ಈಗಿನ ಮಾರ್ಗಸೂಚಿಗಳಲ್ಲಿ ಅಲ್ಬುಮಿನ್‌ನ ಗಡಿ ಡೆಸಿಲೀಟರಿಗೆ 3 ಗ್ರಾಂ. ಮೊದಲು 2.5 ಎನ್ನುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಅದೇ ಸಿಗುತ್ತದೆ.

ನಮ್ಮ ಹುಡುಗನ ಅಲ್ಬುಮಿನ್ 1.8, ಕೊಲೆಸ್ಟರಾಲ್ 412. ಅಲ್ಬುಮಿನ್ ಸೋರಿಹೋದಾಗ ಲಿವರ್ ಅದನ್ನು ತುಂಬಿಕೊಡಲು ಹೋಗಿ ಕೊಬ್ಬಿನ ಅಂಶಗಳನ್ನೂ ಜಾಸ್ತಿ ತಯಾರಿಸುತ್ತದೆ. ಇದಕ್ಕೂ ಮಗು ತಿಂದ ಎಣ್ಣೆ ತಿಂಡಿಗೂ ಸಂಬಂಧವಿಲ್ಲ. ರಕ್ತದ ಕ್ರಿಯಾಟಿನಿನ್ 0.4, ಬಿ.ಪಿ. 96/60, ಮೂತ್ರದಲ್ಲಿ ರಕ್ತಕಣ ಇಲ್ಲ. ಅಂದರೆ ಕಿಡ್ನಿ ಕಸ ತೆಗೆಯುವ ಕೆಲಸ ಸರಿಯಾಗಿ ಮಾಡುತ್ತಿದೆ, ಅದರ ಸೋಸುವ ಜಾಲರಿ ಮಾತ್ರ ಪ್ರೋಟೀನ್ ಬಿಟ್ಟುಕೊಡುತ್ತಿದೆ. ಇದು ಚಿಕ್ಕ ಮಕ್ಕಳಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಚಿತ್ರ. ಇಂಥ ಹೆಚ್ಚಿನ ಮಕ್ಕಳು ಸ್ಟೀರಾಯ್ಡಿಗೆ ಒಗ್ಗುತ್ತಾರೆ. ಹಾಗಾಗಿ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರುಮಾಡುತ್ತಾರೆ.

ಈಗ ಇನ್ನೊಂದು ಮಗುವನ್ನು ಪಕ್ಕದಲ್ಲಿಟ್ಟು ನೋಡಿ. 7 ವರ್ಷದ ಹುಡುಗಿ. ಮೂರು ವಾರದ ಹಿಂದೆ ಕಾಲಿನ ಮೇಲೆ ಕೀವುಗುಳ್ಳೆ ಆಗಿತ್ತು. ಈಗ ಕಣ್ಣು ಊದಿದೆ, ಮೂತ್ರ ಹಾಲಿಲ್ಲದ ಕಪ್ಪು ಚಹಾದ ಬಣ್ಣಕ್ಕಿದೆ, ತಲೆನೋವು ಅನ್ನುತ್ತಾಳೆ. ಅನುಪಾತ 1.1. ಬಿ.ಪಿ. 136/90. ಹುಡುಗನ 8 ಕ್ಕೆ ಹೋಲಿಸಿದರೆ 1.1 ಏನೇನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅವತ್ತೇ ಆಸ್ಪತ್ರೆಗೆ ಸೇರಬೇಕಾದವಳು ಇವಳು. ಸೋಂಕಿನ ನಂತರ ಬರುವ ಕಿಡ್ನಿಯ ಉರಿಯೂತ ಇದು. ಏರಿದ ಬಿ.ಪಿ. ಫಿಟ್ಸ್ ತರಬಹುದು. ಇವಳಿಗೆ ಸಿ3 ಎಂಬ ರಕ್ತ ಪರೀಕ್ಷೆ ಬೇಕು, ಬಿ.ಪಿ. ಇಳಿಸಬೇಕು. ಹುಡುಗನಿಗೆ ಕೊಟ್ಟ ಸ್ಟೀರಾಯ್ಡ್ ಕೋರ್ಸ್ ಇವಳಿಗೆ ಬೇಕಾಗಿಲ್ಲ. ಊದಿದ ಕಣ್ಣಿನ ಮಗುವಿಗೆ ಬಿ.ಪಿ. ನೋಡದೆ ಬರೀ ಅನುಪಾತ ನೋಡಿ ಕಳಿಸಿದರೆ ಅರ್ಧ ಪರೀಕ್ಷೆ ಮಾಡಿದಂತೆ. ಮಕ್ಕಳ ಅಳತೆಯ ಕಫ್ ಇಲ್ಲ ಎಂಬ ನೆಪ ನನಗಂತೂ ಒಪ್ಪಿಗೆಯಾಗುವುದಿಲ್ಲ.

ಅನುಪಾತ 2 ದಾಟಿದ್ದರೂ ಕೆಲವು ಸಂದರ್ಭದಲ್ಲಿ ಮಕ್ಕಳ ಕಿಡ್ನಿ ತಜ್ಞರು ಬಯಾಪ್ಸಿ ಅಥವಾ ಜೀನ್ ಪರೀಕ್ಷೆಯ ಬಗ್ಗೆ ಯೋಚಿಸುತ್ತಾರೆ. ಮಗುವಿಗೆ ಒಂದು ವರ್ಷ ತುಂಬಿಲ್ಲದಿದ್ದರೆ, 12 ವರ್ಷ ದಾಟಿದ್ದರೆ, ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಇದ್ದರೆ, ಬಿ.ಪಿ. ಇಳಿಯದಿದ್ದರೆ, ರಕ್ತದ ಕ್ರಿಯಾಟಿನಿನ್ ಏರಿದ್ದರೆ, ಕೀಲುನೋವು ಮತ್ತು ಮೈಮೇಲೆ ದದ್ದು ಇದ್ದರೆ ಬೇರೆ ಕಾಯಿಲೆಗಳನ್ನೂ ಹುಡುಕಬೇಕಾಗುತ್ತದೆ.

0.2 ರಿಂದ 2 ರ ನಡುವೆ ಬಂದು ಊತ, ಬಿ.ಪಿ., ರಕ್ತ ಯಾವುದೂ ಇಲ್ಲದಿದ್ದರೆ ಬೆಳಗಿನ ಮೂತ್ರವನ್ನು ಮತ್ತೆ ಒಂದೆರಡು ಸಲ ನೋಡುತ್ತಾರೆ. ಪದೇಪದೇ ಹಾಗೇ ಬಂದರೆ ಮುಂದಿನ ಪರೀಕ್ಷೆ.

6. ಚಿಕಿತ್ಸೆ ಶುರುವಾದ ಮೇಲೆ ಅಂಕಿಗಳನ್ನು ಓದುವುದು

ಭಾರತದ ಮಕ್ಕಳ ಕಿಡ್ನಿ ತಜ್ಞರ ಸಂಘದ 2021 ರ ಮಾರ್ಗಸೂಚಿಯ ಪ್ರಕಾರ ಮೊದಲ ಸಲಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 6 ವಾರ ದಿನಾ, ಆಮೇಲೆ 6 ವಾರ ದಿನ ಬಿಟ್ಟು ದಿನ. ಮೊದಲ 6 ವಾರ ದಿನದ ಪ್ರಮಾಣ ಕೆ.ಜಿ.ಗೆ 2 ಮಿ.ಗ್ರಾಂ, 60 ಮಿ.ಗ್ರಾಂ ದಾಟಬಾರದು. ನಮ್ಮ ಹುಡುಗನಿಗೆ ಲೆಕ್ಕ ಹಾಕುವುದು ಊತಕ್ಕೆ ಮೊದಲಿನ 15 ಕೆ.ಜಿ.ಗೆ, ಅಂದರೆ 30 ಮಿ.ಗ್ರಾಂ. ಈಗಿನ 17 ರಲ್ಲಿ 2 ಕೆ.ಜಿ. ನೀರು. ಶುರುಮಾಡುವ ಮೊದಲು ವೈದ್ಯರು ಸೋಂಕು ಇದೆಯೇ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಇದೆಯೇ ಎಂದು ಕೇಳುತ್ತಾರೆ. ಮುಚ್ಚಿಡಬೇಡಿ. ಈ ಲೆಕ್ಕ ಓದಿ ಮನೆಯಲ್ಲೇ ಔಷಧಿ ಶುರುಮಾಡುವಂತಿಲ್ಲ, ನಡುವೆ ತಾವಾಗಿ ನಿಲ್ಲಿಸುವಂತೆಯೂ ಇಲ್ಲ.

ಇಲ್ಲಿಂದ ಮುಂದೆ ದಿನಾ ಅನುಪಾತ ಮಾಡಿಸುವುದು ದುಡ್ಡು ದಂಡ. ಮನೆಯಲ್ಲಿ ಬೆಳಗಿನ ಮೂತ್ರಕ್ಕೆ ಪಟ್ಟಿ ಅದ್ದಿ, ನೋಟ್‌ಬುಕ್ಕಿನಲ್ಲಿ ದಿನಾಂಕ, ಪಟ್ಟಿಯ ಫಲ, ತೂಕ, ಔಷಧಿ ಬರೆದರೆ ಸಾಕು. ಪಟ್ಟಿ ಅದ್ದಿದ ಮೇಲೆ ಡಬ್ಬಿಯಲ್ಲಿ ಹೇಳಿದಷ್ಟೇ ಸೆಕೆಂಡಿಗೆ ಬಣ್ಣ ನೋಡಿ. ತಡವಾದರೆ ಬಣ್ಣ ಗಾಢವಾಗಿ ಸುಳ್ಳು ಹೇಳುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಪಟ್ಟಿಗಳು ಕೆಡುತ್ತವೆ.

ನಮ್ಮ ಹುಡುಗನ ನೋಟ್‌ಬುಕ್ ಹೀಗಿತ್ತು ಅಂದುಕೊಳ್ಳಿ. ಮೊದಲ ವಾರವಿಡೀ 4+, 4+, 3+. ತಾಯಿಗೆ ಔಷಧಿಯೇ ಕೆಲಸ ಮಾಡುತ್ತಿಲ್ಲ ಎಂಬ ಸಂಶಯ. 9 ನೇ ದಿನ 2+, 10 ನೇ ದಿನ ಟ್ರೇಸ್ ಅಂದರೆ ಚೂರೇ ಚೂರು, 11 ಮತ್ತು 12 ರಂದು ನಿಲ್ ಅಂದರೆ ಏನೂ ಇಲ್ಲ. ಸತತ 3 ದಿನ ಟ್ರೇಸ್ ಅಥವಾ ನಿಲ್ ಬಂದರೆ ಅದೇ ರೆಮಿಷನ್, ಅಂದರೆ ಸೋರಿಕೆ ನಿಂತ ಸ್ಥಿತಿ. ಅನುಪಾತದಲ್ಲಿ ಹೇಳುವುದಾದರೆ 0.2 ಅಥವಾ ಕಡಿಮೆ. ಆಗ ಒಮ್ಮೆ ಲ್ಯಾಬಿಗೆ ಕೊಟ್ಟರು: ಪ್ರೋಟೀನ್ 12, ಕ್ರಿಯಾಟಿನಿನ್ 75, ಅನುಪಾತ 0.16. 8 ರಿಂದ 0.16 ಕ್ಕೆ ಹನ್ನೆರಡೇ ದಿನದಲ್ಲಿ ಜಾರಿದ್ದು ಆಶ್ಚರ್ಯವೇನಲ್ಲ. ಒಗ್ಗುವ ಮಕ್ಕಳಲ್ಲಿ ಸೋರಿಕೆ ಹೀಗೆ ಥಟ್ಟನೆ ನಿಲ್ಲುತ್ತದೆ. ಪಟ್ಟಿ ನಿಲ್ ಬಂತೆಂದು ಔಷಧಿ ನಿಲ್ಲಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. 12 ವಾರದ ಲೆಕ್ಕ ಹಾಗೇ ಇರುತ್ತದೆ.

6 ವಾರ ದಿನಾ ಕೊಟ್ಟರೂ ರೆಮಿಷನ್ ಬರದಿದ್ದರೆ ಅದನ್ನು ಸ್ಟೀರಾಯ್ಡಿಗೆ ಒಗ್ಗದ ಕಾಯಿಲೆ ಎನ್ನುತ್ತಾರೆ. ಅಂಥ ಮಕ್ಕಳಲ್ಲಿ ಮಾತ್ರ ನಡುವಿನ ಅಂಕಿಗೂ ಬೆಲೆ ಬರುತ್ತದೆ. 9 ಇದ್ದದ್ದು 1.2 ಕ್ಕೆ ಬಂದು, ಅಲ್ಬುಮಿನ್ 3 ರ ಮೇಲೇರಿ, ಊತ ಹೋಗಿದ್ದರೆ ಅದು ಅರ್ಧ ಗೆಲುವು. ಮುಂದಿನ ಔಷಧಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಗುರುತು.

ಇಷ್ಟು ದಿನಗಳಲ್ಲಿ ಯಾವ ಅಂಕಿಗೂ ಕಾಯದೆ ಹೊರಡಬೇಕಾದ ಸಂದರ್ಭಗಳಿವೆ. ಊತ ಇರುವ ಮಗುವಿಗೆ ಜ್ವರದ ಜೊತೆ ಹೊಟ್ಟೆನೋವು ಬಂದರೆ ಹೊಟ್ಟೆಯೊಳಗಿನ ನೀರಿಗೆ ಸೋಂಕು ತಗುಲಿರಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಬಿಡದ ತಲೆನೋವು-ವಾಂತಿ ಇದ್ದರೆ, ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಕೈಕಾಲು ತಣ್ಣಗಾಗಿ ಮೂತ್ರ ಬಹಳ ಕಡಿಮೆಯಾದರೆ, ಮೈಯೆಲ್ಲ ಊದಿದ್ದರೂ ರಕ್ತನಾಳದೊಳಗೆ ನೀರು ಕಡಿಮೆ ಎಂದು ಅರ್ಥ. ಆಗ ಊತ ಇಳಿಸಲು ಮನೆಯಲ್ಲಿರುವ ಮೂತ್ರದ ಮಾತ್ರೆ ಕೊಟ್ಟರೆ ಅಪಾಯ ಇನ್ನೂ ಹೆಚ್ಚುತ್ತದೆ.

7. ಮತ್ತೆ 2+ ಬಂದರೆ?

ಬಹಳಷ್ಟು ಮಕ್ಕಳಿಗೆ ಈ ಕಾಯಿಲೆ ಮರುಕಳಿಸುತ್ತದೆ. ಸಾಮಾನ್ಯವಾಗಿ ನೆಗಡಿ-ಜ್ವರದ ಬೆನ್ನಿಗೇ ಬರುತ್ತದೆ. ಆದರೆ ನೆಗಡಿಯ ಒಂದು ದಿನ ಪಟ್ಟಿ 2+ ಅಥವಾ 3+ ತೋರಿಸಿದ ಕೂಡಲೇ ಅದು ಮರುಕಳಿಕೆ ಆಗುವುದಿಲ್ಲ. ಸತತ 3 ದಿನ ಬೆಳಗಿನ ಮೂತ್ರದಲ್ಲಿ 3+ ಅಥವಾ ಹೆಚ್ಚು, ಇಲ್ಲವೇ ಅನುಪಾತ 2 ಅಥವಾ ಹೆಚ್ಚು ಇದ್ದರೆ ಮಾತ್ರ ಹಾಗೆ ಕರೆಯುತ್ತಾರೆ. ಎರಡನೇ ದಿನ 1+ ಆಗಿ ಮೂರನೇ ದಿನ ನಿಲ್ ಆದರೆ ಆ ಮಗುವಿಗೆ ಇನ್ನೊಂದು ಸ್ಟೀರಾಯ್ಡ್ ಕೋರ್ಸ್ ತಪ್ಪಿತು. ಕಣ್ಣು ಮತ್ತೆ ಊದುವವರೆಗೂ ಕಾಯದೆ ಮೂರನೇ ದಿನದ ಫಲ ಹಿಡಿದು ವೈದ್ಯರಿಗೆ ಫೋನ್ ಮಾಡಿ. ನೋಟ್‌ಬುಕ್ಕಿನಲ್ಲಿ ಹಿಂದಿನ ಮರುಕಳಿಕೆಗಳ ದಿನಾಂಕವೂ ಇರಲಿ. ವರ್ಷಕ್ಕೆ ಎಷ್ಟು ಸಲ ಬಂತು ಎಂಬುದರ ಮೇಲೆ ಸ್ಟೀರಾಯ್ಡ್ ಬಿಟ್ಟು ಬೇರೆ ಔಷಧಿ ಬೇಕೇ ಎಂದು ಅವರು ತೀರ್ಮಾನಿಸುತ್ತಾರೆ.